ಪದಚರ್ಚೆ: ‘ಸ್ಟ್ಯಾಟಿಕ್ ಬಜೆಟ್’ಗೆ ‘ಸ್ಥಿರ’ ಅಂದರೆ ಸರಿನಾ? ‘ಫ್ಲೆಕ್ಸಿಬಲ್’ಗೆ ಏನನ್ನೋಣ?

ಪ್ರಶ್ನೆ, ದಾವಣಗೆರೆಯಿಂದ:

ಎಲ್ಲರಿಗೂ ನಮಸ್ಕಾರ. ಇಲ್ಲೊಂದು ಖಾರ ಮಂಡಕ್ಕಿ ಪ್ಯಾಕೆಟ್ ಮಾಡುವ ಸಣ್ಣ ಘಟಕದಲ್ಲಿ ಲೆಕ್ಕ ನೋಡಿಕೊಳ್ಳುತ್ತೇನೆ. ತಿಂಗಳ ವರದಿಯನ್ನು ಇಷ್ಟು ದಿನ ಇಂಗ್ಲಿಷಿನಲ್ಲಿ ಕೊಡುತ್ತಿದ್ದೆ. ಸಾಹುಕಾರ್ರು ಅದನ್ನು ಮಡಚಿ ಗಲ್ಲಾಪೆಟ್ಟಿಗೆ ಕೆಳಗೆ ಇಡುತ್ತಿದ್ದರು. ಈ ಸಲ ‘ಕನ್ನಡದಲ್ಲಿ ಬರೆದು ಕೊಡಮ್ಮ, ಓದ್ತೀನಿ’ ಅಂದರು. ಬರೆಯಲು ಕೂತಾಗ ಎರಡು ಪದಕ್ಕೆ ಸಿಕ್ಕಿಬಿದ್ದೆ. ತಿಂಗಳ ಮೊದಲು ಹಾಕಿದ ಅಂದಾಜನ್ನು ಹಾಗೇ ಇಟ್ಟರೆ ಸ್ಟ್ಯಾಟಿಕ್ ಬಜೆಟ್, ಅದನ್ನೇ ನಿಜವಾಗಿ ಮಾರಾಟವಾದಷ್ಟು ಪ್ಯಾಕೆಟ್ಟಿಗೆ ಮತ್ತೆ ಲೆಕ್ಕ ಹಾಕಿದರೆ ಫ್ಲೆಕ್ಸಿಬಲ್ ಬಜೆಟ್.

ಕಾಲೇಜಿನ ನೋಟ್ಸಿನಲ್ಲಿ ‘ಸ್ಥಿರ ಮುಂಗಡಪತ್ರ’, ‘ನಮ್ಯ ಮುಂಗಡಪತ್ರ’ ಅಂತಿತ್ತು. ಹಾಗೇ ಹಾಕಿದೆ. ನಮ್ಮ ಸೂಪರ್‌ವೈಸರ್ ಓದಿ, ‘ಸ್ಥಿರ ಅಂದರೆ ಬಾಡಿಗೆ, ಸಂಬಳದ ಲೆಕ್ಕ ಅಲ್ವಾ ಅಕ್ಕ? ಇದರಲ್ಲಿ ಎಣ್ಣೆ ಯಾಕೆ ಬಂತು?’ ಅಂದ. ಅವನ ಮಾತು ಸರಿ. ಅದೇ ಹಾಳೆಯ ಕೆಳಗೆ ‘ಸ್ಥಿರ ವೆಚ್ಚ’ ಅಂತ ಬಾಡಿಗೆ, ಸಂಬಳ, ಸಾಲದ ಬಡ್ಡಿ ಬರೆದಿದ್ದೆ. ‘ನಮ್ಯ’ ಅಂದರೆ ಏನು ಅಂತ ಇಬ್ಬರೂ ಕೇಳಿದರು.

ಲೆಕ್ಕ ಹೀಗಿದೆ. ತಿಂಗಳಿಗೆ 10,000 ಪ್ಯಾಕೆಟ್, ಒಂದಕ್ಕೆ 20 ರೂಪಾಯಿಯಂತೆ ಮಾರಬೇಕು ಅಂತ ಅಂದಾಜು. ಪ್ಯಾಕೆಟ್ಟಿಗೆ 12 ರೂಪಾಯಿ ಖರ್ಚು: ಮಂಡಕ್ಕಿ, ಎಣ್ಣೆ, ಶೇಂಗಾ, ಪುಟಾಣಿ, ಕವರು, ಪ್ಯಾಕ್ ಮಾಡುವವರ ಕೂಲಿ, ಅಂಗಡಿಯವರ ಕಮಿಷನ್ ಎಲ್ಲ ಸೇರಿ. ಇದರ ಮೇಲೆ ಬಾಡಿಗೆ, ಸಂಬಳ, ಬಡ್ಡಿಗೆ 50,000. ಎಲ್ಲ ಕಳೆದು 30,000 ಉಳಿಯಬೇಕಿತ್ತು. ಮಾರಾಟವಾದದ್ದು 8,000 ಪ್ಯಾಕೆಟ್. ಉಳಿದದ್ದು 9,000.

ಸೂಪರ್‌ವೈಸರ್ ವಾದ ಬೇರೆ. ಖರ್ಚಿಗೆ 1,70,000 ಇಟ್ಟಿದ್ದರು, ಆದದ್ದು 1,51,000, ಆದ್ದರಿಂದ ತಾನು 19,000 ಉಳಿತಾಯ ಮಾಡಿದೆ ಅಂತ. ಇದನ್ನು ತಪ್ಪು ಅಂತ ತೋರಿಸುವುದಕ್ಕೇ ಫ್ಲೆಕ್ಸಿಬಲ್ ಬಜೆಟ್ ಇರುವುದು. ಆದರೆ ಅದರ ಹೆಸರೇ ಅವನಿಗೆ ಅರ್ಥ ಆಗುತ್ತಿಲ್ಲ. ಒಂದು ಒಳ್ಳೆ ಪದ ಕೊಡಿ.

ಹೊಳಲ್ಕೆರೆಯಿಂದ, ನಿವೃತ್ತ ಗುಮಾಸ್ತರೊಬ್ಬರು:

ಮೇಡಂ, ಇದಕ್ಕೆ ಪದ ಆಗಲೇ ಇದೆ. ‘ಪರಿಷ್ಕೃತ ಅಂದಾಜು’. ನಮ್ಮ ಆಫೀಸಿನಲ್ಲಿ ಮೂವತ್ತು ವರ್ಷ ಅದನ್ನೇ ಬರೆದಿದ್ದೇನೆ. ಮೊದಲು ಆಯವ್ಯಯ ಅಂದಾಜು, ವರ್ಷದ ಮಧ್ಯೆ ತೆರಿಗೆ ಸರಿಯಾಗಿ ಬರಲಿಲ್ಲ ಅಂದರೆ ಪರಿಷ್ಕೃತ ಅಂದಾಜು. ಹೊಸದಾಗಿ ಪದ ಹುಟ್ಟಿಸುವ ತಾಪತ್ರಯ ಯಾಕೆ?

ದಾವಣಗೆರೆಯಿಂದ, ಅನುವಾದದ ಕೆಲಸ ಮಾಡುವ ಹುಡುಗ:

‘ಪರಿಷ್ಕೃತ’ ಬಾಯಿಗೆ ಭಾರ ಸರ್. ‘ಹಿಗ್ಗು–ಕುಗ್ಗು ಬಜೆಟ್’ ಅನ್ನಬಹುದು. ಮಾರಾಟ ಹಿಗ್ಗಿದರೆ ಅದೂ ಹಿಗ್ಗುತ್ತೆ, ಕುಗ್ಗಿದರೆ ಕುಗ್ಗುತ್ತೆ. ಅಕ್ಕನ ಲೆಕ್ಕವೂ ಸುಲಭ. ಮಾರಾಟ ನೂರಕ್ಕೆ ಎಂಬತ್ತು ಆಗಿದೆ, ಅಂದರೆ ಖರ್ಚೂ ನೂರಕ್ಕೆ ಎಂಬತ್ತು ಆಗಬೇಕು. 1,70,000ಕ್ಕೆ 1,36,000. ಆದದ್ದು 1,51,000. ಸೂಪರ್‌ವೈಸರ್ 15,000 ಜಾಸ್ತಿ ಖರ್ಚು ಮಾಡಿದ್ದಾನೆ. ಮುಗೀತು.

ಚಳ್ಳಕೆರೆಯಿಂದ, ಎಣ್ಣೆ ಮಿಲ್ಲಿನ ಹಳೇ ಅಕೌಂಟೆಂಟ್:

ತಮ್ಮಾ, ಸ್ವಲ್ಪ ನಿಧಾನ. ಪದ ಚೆನ್ನಾಗಿದೆ, ಲೆಕ್ಕ ಆ ಸೂಪರ್‌ವೈಸರ್ ಹುಡುಗನ ಕುತ್ತಿಗೆಗೆ ಬರುತ್ತೆ. ಪ್ಯಾಕೆಟ್ ಎರಡು ಸಾವಿರ ಕಡಿಮೆ ಆಯ್ತು ಅಂತ ಮನೆ ಓನರ್ ಬಾಡಿಗೆಯಲ್ಲಿ ನೂರಕ್ಕೆ ಇಪ್ಪತ್ತು ಬಿಡ್ತಾನಾ? ನಮ್ಮ ಮಿಲ್ಲಲ್ಲಿ ಶೇಂಗಾ ಬರದಿದ್ದ ದಿನ ಹಮಾಲಿ ಕೂಲಿ ಇರುತ್ತಿರಲಿಲ್ಲ, ಗೋಣಿ ಚೀಲದ ಖರ್ಚು ಇರುತ್ತಿರಲಿಲ್ಲ. ವಾಚ್‌ಮನ್ ಸಂಬಳ ಮಾತ್ರ ಪೂರ್ತಿ ಕೊಡಬೇಕಿತ್ತು. ಹಿಗ್ಗಿ ಕುಗ್ಗುವುದು ಬಜೆಟ್ಟಿನ ಒಂದು ಭಾಗ ಮಾತ್ರ.

ಆದ್ದರಿಂದ 50,000 ಹಾಗೇ ಇಡಿ. 12 ರೂಪಾಯಿಯನ್ನು 8,000ದಿಂದ ಗುಣಿಸಿ, 96,000. ಎರಡೂ ಸೇರಿ 1,46,000. ಎಂಟು ಸಾವಿರ ಪ್ಯಾಕೆಟ್ಟಿಗೆ ಆಗಬೇಕಾದ ಖರ್ಚು ಇದು. ಆದದ್ದು 1,51,000. ಹುಡುಗ 19,000 ಉಳಿಸಿಲ್ಲ, 15,000 ಕಳೆದೂ ಇಲ್ಲ. 5,000 ಜಾಸ್ತಿ ಆಗಿದೆ, ಅಷ್ಟೇ.

ಲಾಭದ ಕಡೆಯಿಂದಲೂ ನೋಡಿ. 8,000ಕ್ಕೆ ಬರಬೇಕಾದ ಲಾಭ 14,000. ಮೊದಲು ಅಂದುಕೊಂಡ 30,000ಕ್ಕೂ ಇದಕ್ಕೂ 16,000 ಅಂತರ. ಮಾರದೇ ಹೋದ ಎರಡು ಸಾವಿರ ಪ್ಯಾಕೆಟ್, ಒಂದೊಂದರಲ್ಲಿ ಸಿಗಬೇಕಿದ್ದ 8 ರೂಪಾಯಿ, ಅದೇ ಈ 16,000. ಇದನ್ನು ಕೇಳಬೇಕಾದದ್ದು ಮಾರಾಟ ನೋಡುವವರನ್ನು, ಅಡಿಗೆ ಮನೆಯವರನ್ನಲ್ಲ. ಉಳಿದ 5,000ಕ್ಕೆ ಮಾತ್ರ ಸೂಪರ್‌ವೈಸರ್ ಉತ್ತರ ಕೊಡಬೇಕು.

ಗುಮಾಸ್ತ ಸಾಹೇಬ್ರಿಗೆ ಒಂದು ಮಾತು. ಪರಿಷ್ಕೃತ ಅಂದಾಜು ಬೇರೆ ಸಾಮಾನು. ಅದರಲ್ಲಿ ಮುಂದೆ ಏನಾಗಬಹುದು ಅಂತ ಮತ್ತೊಮ್ಮೆ ಅಂದಾಜು ಮಾಡ್ತೀರಿ, ಬೇಕಾದರೆ ದರವನ್ನೂ ಬದಲಿಸ್ತೀರಿ. ಇದರಲ್ಲಿ 12 ರೂಪಾಯಿ, 50,000 ಎರಡನ್ನೂ ಮುಟ್ಟುವ ಹಾಗಿಲ್ಲ. ತಿಂಗಳು ಮುಗಿದ ಮೇಲೆ ಪ್ಯಾಕೆಟ್ ಎಣಿಕೆ ಒಂದನ್ನೇ ಬದಲಿಸೋದು. ಎಣ್ಣೆ ರೇಟು ಏರಿತು ಅಂತ 12ನ್ನು 13 ಮಾಡಿದರೆ ತಪ್ಪೇ ಕಾಣಿಸಲ್ಲ. ‘ಪರಿಷ್ಕೃತ’ ಅಂದರೆ ಜನ ಅದನ್ನೇ ಮಾಡ್ತಾರೆ ಅಂತ ನನ್ನ ಭಯ.

ಹೊಳಲ್ಕೆರೆಯಿಂದ:

ಒಪ್ಪಿದೆ. ಆದರೂ ‘ಹಿಗ್ಗು–ಕುಗ್ಗು’ ಆಡಿಟ್ ವರದಿಯಲ್ಲಿ ನಗೆಪಾಟಲು ಅನ್ನೋದು ನನ್ನ ಅಭಿಪ್ರಾಯ.

ಹರಿಹರದಿಂದ, ಓದುಗರೊಬ್ಬರು:

ಬಜೆಟ್ ವಿಷಯ ಅಂದ್ರಲ್ಲ, ನನ್ನ ಅನುಭವ ಹೇಳ್ತೀನಿ. ಹೋದ ವೈಶಾಖದಲ್ಲಿ ಮಗಳ ಮದುವೆ. ‘ಹಾಸಿಗೆ ಇದ್ದಷ್ಟು ಕಾಲು ಚಾಚು’ ಅಂತ ನಾನು ಮೊದಲಿಂದ ಹೇಳ್ತಾ ಬಂದೆ, ಮನೆಯವರು ಕೇಳಲಿಲ್ಲ. ಅಡಿಗೆಯವರಿಗೆ 600 ಎಲೆ ಹೇಳಿದ್ರು. ಉಂಡದ್ದು 480 ಎಲೆ. ಎಲೆ ಲೆಕ್ಕದಲ್ಲಿ ದುಡ್ಡು ಅಂತ ಮಾತಾಗಿತ್ತು, ಆದ್ರೆ 500ಕ್ಕಿಂತ ಕಡಿಮೆ ಆದ್ರೂ 500ರ ದುಡ್ಡು ಕೊಡಬೇಕು ಅಂತ ಅಡಿಗೆಯವರು ಪಟ್ಟು ಹಿಡಿದ್ರು. ಛತ್ರದ ಬಾಡಿಗೆಯಂತೂ ಒಂದು ಪೈಸೆ ಬಿಡಲಿಲ್ಲ. ಇದು ನಮ್ಯನೋ ಸ್ಥಿರನೋ ನೀವೇ ಹೇಳಿ. ಜಗಳ ಮಾತ್ರ ಜೋರಾಯ್ತು.

ಚಳ್ಳಕೆರೆಯಿಂದ:

ಅಮ್ಮಾ, ನೀವು ವಿಷಯ ಬಿಟ್ಟು ಹೋದಿರಿ ಅಂದುಕೊಂಡೆ, ಸೀದಾ ವಿಷಯಕ್ಕೇ ಬಂದಿದ್ದೀರಿ. ಛತ್ರ 50,000ದ ಹಾಗೆ, ಎಲೆ 12 ರೂಪಾಯಿಯ ಹಾಗೆ. ‘500ಕ್ಕಿಂತ ಇಳಿಯಲ್ಲ’ ಅನ್ನೋದು ಇದೆಯಲ್ಲ, ಅದೇ ಈ ಲೆಕ್ಕದ ಗಡಿ. ಪ್ಯಾಕೆಟ್ಟಿಗೆ 12 ಅನ್ನುವ ದರ ಎಲ್ಲಿ ಬೇಕಾದರೂ ನಿಲ್ಲಲ್ಲ. 3,000 ಪ್ಯಾಕೆಟ್ಟಿಗೆ ಮಂಡಕ್ಕಿ ಚೀಲದ ಲೆಕ್ಕದಲ್ಲಿ ಅಗ್ಗಕ್ಕೆ ಸಿಗಲ್ಲ. 18,000ಕ್ಕೆ ಹೋದರೆ ಇನ್ನೊಂದು ರೂಮು ಬಾಡಿಗೆಗೆ ಬೇಕಾಗುತ್ತೆ, 50,000ವೂ ಏರುತ್ತೆ. ಎಂಟು, ಹತ್ತು, ಹನ್ನೆರಡು ಸಾವಿರದ ಒಳಗೆ ಆಡಿಸಿ, ಅದರಾಚೆಗೆ ಎಳೆಯಬೇಡಿ.

ದಾವಣಗೆರೆಯ ತಂಗಿಗೆ ಎರಡು ಪ್ರಶ್ನೆ. ಆ 5,000 ಎಲ್ಲಿ ಹೋಯ್ತು? ಕವರಿನ ಬಿಲ್ಲನ್ನು ಒಮ್ಮೆ ನೋಡಿ. ಪ್ರಿಂಟ್ ಆದ ಕವರ್ ತಿಂಗಳ ಮೊದಲೇ ತರಿಸಿರ್ತೀರಿ. ಇನ್ನೊಂದು, ಆ 8,000 ಮಾರಿದ ಪ್ಯಾಕೆಟ್ಟೋ, ಮಾಡಿದ ಪ್ಯಾಕೆಟ್ಟೋ?

ದಾವಣಗೆರೆಯಿಂದ, ಪ್ರಶ್ನೆ ಕೇಳಿದವರು:

ಸರ್, ಕವರಿನ ಮಾತು ಓದಿ ಎದೆ ಧಸಕ್ ಅಂತು. ಸಂಜೆ ಗೋಡೌನಿಗೆ ಹೋದೆ. ಶೇಂಗಾ ಚೀಲದ ಹಿಂದೆ ಕವರಿನ ಬಂಡಲ್ ಇದ್ದವು, ಮೇಲೆ ಧೂಳು. ನೂರು ನೂರರ ಕಟ್ಟು, ಎಣಿಸಿದರೆ 18 ಕಟ್ಟು. ನಾನು 10,000 ಕವರಿನ ಬಿಲ್ಲನ್ನು ಪೂರ್ತಿ ಈ ತಿಂಗಳ ಖರ್ಚಿಗೆ ಬರೆದಿದ್ದೆ. ಕವರಿಗೆ ಒಂದೂವರೆ ರೂಪಾಯಿ. 1,800ಕ್ಕೆ 2,700 ಆಯ್ತು. ಅದು ಖರ್ಚೇ ಅಲ್ಲ, ಗೋಡೌನಿನಲ್ಲಿ ಕೂತ ಮಾಲು.

8,000 ಪ್ಯಾಕೆಟ್ಟಿಗೆ 8,200 ಕವರ್ ಹೋಗಿದೆ. 200 ಕವರ್ ಸೀಲಿಂಗ್ ಮೆಷಿನ್ನಿನಲ್ಲಿ ಅಂಚು ಸುಟ್ಟು ಹಾಳಾದವು, 300 ರೂಪಾಯಿ. ಅದೇ ಮೆಷಿನ್ ರಿಪೇರಿಗೆ 1,000, ಅದು 50,000ದ ಮೇಲೆ ಬಂದ ಖರ್ಚು. ಉಳಿದ 1,000 ಎಣ್ಣೆಯದು, ರೇಟು ಏರಿತ್ತು. ಕೂಡಿಸಿದರೆ ಸರಿಯಾಗಿ 5,000. ಪಾಪ, ಸೂಪರ್‌ವೈಸರ್ ಕೈಯಲ್ಲಿದ್ದದ್ದು ಆ 300 ಮಾತ್ರ. ರಿಪೇರಿಯನ್ನು ಒಂದು ವಾರ ಮೊದಲೇ ಮಾಡಿಸಿದ್ದರೆ ಅದೂ ಆಗುತ್ತಿರಲಿಲ್ಲ. ‘ಮೆಷಿನ್ ನೋಡಿಸಿ’ ಅಂತ ಅವನು ಹೇಳಿದ್ದನಂತೆ.

ಎರಡನೇ ಪ್ರಶ್ನೆಗೆ: ಈ ತಿಂಗಳು ಮಾಡಿದ್ದೂ ಮಾರಿದ್ದೂ ಎರಡೂ 8,000ವೇ. ಅದಕ್ಕೇ ನನಗೆ ಗೊಂದಲ ಆಗಲಿಲ್ಲ. ಫ್ಲೆಕ್ಸಿಬಲ್ ಬಜೆಟ್ಟಿಗೆ ‘ಮಾರಿದ್ದಕ್ಕೆ ತಕ್ಕ ಬಜೆಟ್’ ಅಂತ ಬರೆದಿದ್ದೇನೆ. ಇನ್ನೊಂದಕ್ಕೆ ‘ಮೊದಲಿನ ಬಜೆಟ್’. ‘ಸ್ಥಿರ’ ಅನ್ನುವ ಪದವನ್ನು ಬಾಡಿಗೆ, ಸಂಬಳದ ಸಾಲಿಗೆ ಮಾತ್ರ ಬಿಟ್ಟಿದ್ದೇನೆ. ‘ಉಳಿತಾಯ’ ಅನ್ನುವ ಪದವನ್ನು ತೆಗೆದೇ ಹಾಕಿದೆ. ಮಾಡದೇ ಬಿಟ್ಟ ಪ್ಯಾಕೆಟ್ಟಿನ ಎಣ್ಣೆ ಉಳಿದರೆ ಅದನ್ನು ಉಳಿತಾಯ ಅನ್ನೋಕಾಗಲ್ಲ ಅಲ್ವಾ.

ಚಳ್ಳಕೆರೆಯಿಂದ:

‘ತಕ್ಕ’ ಒಳ್ಳೆ ಪದ, ಗೆರೆ ಎಳೆದ ಹಾಗಿದೆ. ಆದರೆ ದೀಪಾವಳಿಗೆ ಮುಂಚೆ ನೀವು 12,000 ಮಾಡಿ 9,000 ಮಾರಿದರೆ ‘ಮಾರಿದ್ದಕ್ಕೆ ತಕ್ಕ’ ಅನ್ನೋದು ಎಡವಿಸುತ್ತೆ. ಎಣ್ಣೆ, ಕವರು, ಕೂಲಿಯನ್ನು ಮಾಡಿದ್ದಕ್ಕೆ ತಕ್ಕ ಹಾಗೆ ನೋಡಬೇಕು, ಅಂಗಡಿ ಕಮಿಷನ್ನನ್ನು ಮಾರಿದ್ದಕ್ಕೆ ತಕ್ಕ ಹಾಗೆ. ಒಂದೇ ಹೆಸರು ಎರಡಕ್ಕೂ ಸಾಲಲ್ಲ.

ದಾವಣಗೆರೆಯಿಂದ, ಅನುವಾದದ ಹುಡುಗ:

ಸುಮ್ನೆ ‘ತಕ್ಕ ಬಜೆಟ್’ ಅಂದ್ರೆ? ಯಾವುದಕ್ಕೆ ತಕ್ಕ ಅನ್ನೋದನ್ನು ಸಾಲಿನ ಪಕ್ಕ ಬರೆದರಾಯ್ತು. ನನ್ನ 1,36,000ವನ್ನು ವಾಪಸ್ ತಗೊಂಡಿದ್ದೇನೆ, ‘ಹಿಗ್ಗು–ಕುಗ್ಗು’ ಇನ್ನೂ ಬಿಟ್ಟಿಲ್ಲ.

ಹೊಳಲ್ಕೆರೆಯಿಂದ:

‘ತಕ್ಕ ಬಜೆಟ್’ ಅಂದರೆ ‘ತಕ್ಕ ಮಟ್ಟಿಗೆ’ ಅಂತ ಓದಿಕೊಳ್ಳುವವರೂ ಇರ್ತಾರೆ. ‘ಎಣಿಕೆಗೆ ತಕ್ಕ ಬಜೆಟ್’ ಅನ್ನಿ, ಪ್ಯಾಕೆಟ್ಟೋ ಎಲೆಯೋ ಎಣಿಸುವುದಂತೂ ಇದ್ದೇ ಇದೆ.

ಹರಿಹರದಿಂದ:

ಅಂದ್ರೆ ನಮ್ಮ ಅಡಿಗೆಯವರು 500 ಎಲೆ ದುಡ್ಡು ತಗೊಂಡದ್ದು ಸರಿ ಅಂತೀರಾ?