ಸಹಾಯ ಬೇಕು: ವಿದೇಶದಲ್ಲಿ ಲಾಗಿನ್ ಕೋಡ್ ಬರುತ್ತಿಲ್ಲ, ಉಳಿದ ಸಂದೇಶಗಳು ಬರುತ್ತಿವೆ

ಎಲ್ಲರಿಗೂ ನಮಸ್ಕಾರ. ವಿದೇಶಕ್ಕೆ ಬಂದು ನಾಲ್ಕು ದಿನಗಳಾದವು. ಹಳೆಯ ಸಿಮ್ ರೋಮಿಂಗ್‌ನಲ್ಲಿದೆ, ಸಿಗ್ನಲ್ ಕೂಡ ಇದೆ. ಆದರೆ ಇಮೇಲ್ ಖಾತೆಯ ಆರಂಕಿ ಕೋಡ್ ಮಾತ್ರ ಬರುತ್ತಿಲ್ಲ. ಪರೀಕ್ಷಿಸಲೆಂದು ಒಂದು ಎಸ್‌ಎಂಎಸ್ ಕಳುಹಿಸಲು ಅಕ್ಕನಿಗೆ ಹೇಳಿದೆ. ಅದು ಕೂಡಲೇ ತಲುಪಿತು. ಅಂದರೆ ಸಿಮ್ ಕೆಟ್ಟಿಲ್ಲ.

ನನಗೆ ತಿಳಿದಮಟ್ಟಿಗೆ, ಇಂಥ ಕೋಡ್‌ಗಳು ಸಾಮಾನ್ಯ ಮೊಬೈಲ್ ಸಂಖ್ಯೆಯಿಂದ ಬರುವುದಿಲ್ಲ. ಕಿರುಸಂಖ್ಯೆಯಿಂದಲೋ ಅಕ್ಷರಗಳ ಹೆಸರಿನಿಂದಲೋ ಬರುತ್ತವೆ. ಅವುಗಳ ದಾರಿಯೇ ಬೇರೆ. ಕೆಲವು ಜಾಲಗಳು ರೋಮಿಂಗ್‌ನಲ್ಲಿ ಅವನ್ನು ತಡೆಯುತ್ತವೆ. ಕಳುಹಿಸಿದವರ ಪರದೆಯಲ್ಲಿ ಮಾತ್ರ ‘ಕಳುಹಿಸಲಾಗಿದೆ’ ಎಂದೇ ಕಾಣುತ್ತದೆ.

ಮೊದಲ ದಿನ ಗಾಬರಿಯಲ್ಲಿ ‘ಮತ್ತೆ ಕಳುಹಿಸಿ’ ಗುಂಡಿಯನ್ನು ಏಳೆಂಟು ಬಾರಿ ಒತ್ತಿದೆ. ಅದು ತಪ್ಪಾಯಿತು. ‘ಬಹಳ ಪ್ರಯತ್ನಗಳಾಗಿವೆ, ನಂತರ ಬನ್ನಿ’ ಎಂದು ಖಾತೆಯೇ ಬಾಗಿಲು ಹಾಕಿತು. ಈಗ ಒಮ್ಮೆ ಕೇಳಿ ಸುಮ್ಮನೆ ಕಾಯುತ್ತೇನೆ.

ಫೋನನ್ನು ಏರ್‌ಪ್ಲೇನ್ ಮೋಡ್‌ಗೆ ಹಾಕಿ, ವೈಫೈ ಕಾಲಿಂಗ್ ಆನ್ ಮಾಡಿದರೆ ಸಂದೇಶ ಅಂತರ್ಜಾಲದ ಮೂಲಕ ಊರಿನ ಜಾಲದಿಂದಲೇ ಬರಬಹುದು ಎಂದು ಒಬ್ಬರು ಹೇಳಿದರು. ಆದರೆ ನಮ್ಮ ಸಿಮ್ ಕಂಪನಿ ವಿದೇಶದಲ್ಲಿ ಅದಕ್ಕೆ ಅವಕಾಶ ಕೊಡುತ್ತಿಲ್ಲ. ದೃಢೀಕರಣ ಆ್ಯಪ್ ಇದ್ದಿದ್ದರೆ ಸಿಗ್ನಲ್ಲೇ ಬೇಕಿರಲಿಲ್ಲ, ಆದರೆ ಅದನ್ನು ಜೋಡಿಸಲು ಮೊದಲು ಒಳಗೆ ಹೋಗಬೇಕಲ್ಲ! ಮುದ್ರಿಸಿಟ್ಟ ಬ್ಯಾಕಪ್ ಕೋಡ್‌ಗಳು ಮನೆಯ ಬೀರುವಿನಲ್ಲಿವೆ, ಮನೆಗೆ ಬೀಗ ಹಾಕಿದೆ.

ಕೋಡ್ ಅನ್ನು ಧ್ವನಿ ಕರೆಯಲ್ಲಿ ಪಡೆದವರು ಯಾರಾದರೂ ಇದ್ದೀರಾ? ರೋಮಿಂಗ್‌ನಲ್ಲಿ ಆ ಕರೆ ಬಂತೇ? ದಯವಿಟ್ಟು ತಿಳಿಸಿ.