ಟ್ಯಾಂಕಿ ತೊಳೆದ ಸುದ್ದಿ ನಾಲ್ಕು ಕಡೆ

*ಬಿಜೈ ಮನೆಯವರು (ಕುಟುಂಬದ ಗುಂಪು)*

ವಿದ್ಯಾ: ನಮ್ಮ ಅಪಾರ್ಟ್‌ಮೆಂಟಿನ ವಾರ್ತಾಪತ್ರದ ಕರಡು ಹಾಕಿದ್ದೇನೆ, 8 ಪುಟ. ದಿನೇಶ ಮಾವ, ಪುರುಸೊತ್ತಾದಾಗ ಒಮ್ಮೆ ನೋಡಿ. ಚೌತಿಗೆ ಮೊದಲು ಪ್ರಿಂಟಿಗೆ ಕೊಡ್ಲಿಕ್ಕುಂಟು.

ದಿನೇಶ ಮಾವ: ನೋಡಿದೆ. ಟ್ಯಾಂಕಿ ತೊಳೆದದ್ದು ನಾಲ್ಕು ಕಡೆ ಬಂದಿದೆ. ಪುಟ 1ರಲ್ಲಿ ಕಾರ್ಯದರ್ಶಿ ವರದಿ, 3ರಲ್ಲಿ ಬಿ ಬ್ಲಾಕಿನವರ ಬರಹ, 4ರಲ್ಲಿ ಖಜಾಂಚಿಯ ಲೆಕ್ಕ, 6ರಲ್ಲಿ ಮಹಿಳಾ ಕೂಟದ ಆಟಿ ವರದಿ. ನಾಲ್ಕನ್ನೂ ಸೇರಿಸಿ ಒಂದೇ ಸುದ್ದಿ ಮಾಡು.

ಪ್ರಮೀಳ ಚಿಕ್ಕಮ್ಮ: ಅಣ್ಣ, ನಾಲ್ಕು ಜನ ಕೂತು ಬರೆದು ಕೊಟ್ಟಿದ್ದಾರೆ. ಮೂರು ಜನರದ್ದು ತೆಗೆದರೆ ಮುಂದಿನ ಸಲ ಯಾರು ಬರೀತಾರೆ?

ದಿನೇಶ ಮಾವ: ತೆಗೆಯುವ ಮಾತಲ್ಲ ಪ್ರಮೀಳ, ಕೂಡಿಸುವುದು. ಬಿಡಿಬಿಡಿಯಾಗಿ ಓದಿದರೆ ಒಂದೂ ಪೂರ್ತಿ ಅರ್ಥ ಆಗುವುದಿಲ್ಲ. ಕಾರ್ಯದರ್ಶಿ ಮಧ್ಯಾಹ್ನ 2ಕ್ಕೆ ನೀರು ಬಂತು ಅಂತಾರೆ. ಬಿ ಬ್ಲಾಕಿನವರು ಇಡೀ ದಿನ ನೀರಿರಲಿಲ್ಲ ಅಂತಾರೆ. ಓದುವವರು ಯಾರನ್ನು ನಂಬಬೇಕು?

ಗುರು: ಅಕ್ಕ, ಫೈಂಡ್ ಕೊಟ್ಟು ನೋಡಿರಲಿಲ್ವಾ?

ವಿದ್ಯಾ: ‘ಟ್ಯಾಂಕ್’ ಅಂತ ಹುಡುಕಿದ್ದಕ್ಕೆ ಪುಟ 1 ಮಾತ್ರ ಸಿಕ್ಕಿತು.

ಗುರು: ಸಿಗುವುದಿಲ್ಲ. ಒಬ್ಬರು ಟ್ಯಾಂಕ್ ಅಂತ ಬರೆದಿದ್ದಾರೆ, ಖಜಾಂಚಿ ಟಾಂಕಿ ಅಂತ, ಬಿ ಬ್ಲಾಕಿನವರು ಬರೀ ‘ನೀರಿಲ್ಲ’ ಅಂತ. ಆಟಿ ವರದಿಯಲ್ಲಿ ತಾರೀಕು ೩ ಅಂತ ಕನ್ನಡ ಅಂಕಿಯಲ್ಲುಂಟು, 3 ಅಂತ ಹುಡುಕಿದರೆ ಅದೂ ತಪ್ಪಿಹೋಗಬಹುದು. ಹಳೆ ನುಡಿ ಫಾಂಟಿನಲ್ಲಿ ಟೈಪ್ ಮಾಡಿ ಕಳಿಸಿದ್ದಂತೂ ಒಳಗೆ ಇಂಗ್ಲಿಷ್ ಅಕ್ಷರಗಳೇ, ಮೇಲೆ ಕನ್ನಡ ಕಾಣುವುದಷ್ಟೆ. ಯುನಿಕೋಡಿಗೆ ತಿರುಗಿಸುವವರೆಗೆ ನಾವು ಮಾಮೂಲಾಗಿ ಕನ್ನಡದಲ್ಲಿ ಹುಡುಕಿದರೆ ಸಿಗುವುದಿಲ್ಲ. ತಿರುಗಿಸಿದ ಮೇಲೆ ಒತ್ತಕ್ಷರಗಳನ್ನು ಒಮ್ಮೆ ಕಣ್ಣಲ್ಲೇ ನೋಡ್ಬೇಕು, ಅಲ್ಲಲ್ಲಿ ಕೆಟ್ಟಿರ್ತದೆ.

ದಿನೇಶ ಮಾವ: ಸರಿಯಾಗಿ ಹೇಳಿದ. ಪದ ಹಿಡಿದು ಹುಡುಕಬೇಡ, ಘಟನೆ ಹಿಡಿದು ಹುಡುಕು. ಬಂದ ಪ್ರತಿ ಬರಹವನ್ನು ಓದುತ್ತಾ ಒಂದು ಪಟ್ಟಿ ಮಾಡು: ಏನಾಯಿತು, ಯಾವ ತಾರೀಕು, ಎಲ್ಲಿ, ಎಷ್ಟು ಖರ್ಚು, ಹೇಳಿದ್ದು ಯಾರು. ಒಂದೇ ಬರಹದಿಂದ ಮೂರು ಸಾಲು ಬರಬಹುದು, ಬರಲಿ. ಆಮೇಲೆ ತಾರೀಕಿನ ಪ್ರಕಾರ ಜೋಡಿಸು. ಒಂದೇ ತಾರೀಕು, ಒಂದೇ ಜಾಗ ಇದ್ದದ್ದೆಲ್ಲ ತಾನಾಗಿ ಒಟ್ಟಿಗೆ ಬರ್ತದೆ. ಕಳೆದ ಸಂಚಿಕೆಯ ಪಟ್ಟಿಯನ್ನೂ ಪಕ್ಕದಲ್ಲಿಟ್ಟುಕೋ. ಅದರಲ್ಲಿ ಬಂದಾದ ಸುದ್ದಿ ಇದ್ದರೆ, ಆಮೇಲೆ ಆದದ್ದನ್ನು ಮಾತ್ರ ಬರೆ.

ವಿದ್ಯಾ: ಬಿ ಬ್ಲಾಕಿನವರು ‘ಕಳೆದ ಭಾನುವಾರ’ ಅಂತ ಬರೆದಿದ್ದಾರೆ. ತಾರೀಕಿನ ಅಂಕಣದಲ್ಲಿ ಎಂತ ಹಾಕುವುದು?

ದಿನೇಶ ಮಾವ: ಅವರು ಮೆಸೇಜು ಕಳಿಸಿದ ದಿನ ನೋಡು. ಆಗಸ್ಟ್ 5ಕ್ಕೆ ಕಳಿಸಿದ್ದಾದರೆ ಅದು 3ನೇ ತಾರೀಕು. ‘ನಿನ್ನೆ’, ‘ಮೊನ್ನೆ’, ‘ಈ ತಿಂಗಳು’ ಅಂತ ಇರುವಲ್ಲೆಲ್ಲ ತಾರೀಕು ಹಾಕು, ಪತ್ರಿಕೆ ಕೈಗೆ ಸಿಗುವಾಗ ಆ ಭಾನುವಾರ ದಾಟಿ ವಾರಗಟ್ಟಲೆ ಆಗಿರ್ತದೆ.

ಪ್ರಮೀಳ ಚಿಕ್ಕಮ್ಮ: ಸರಿ. ಆದರೆ 2 ಗಂಟೆಯೋ ಇಡೀ ದಿನವೋ? ಸಮಿತಿಯವರ ಮಾತನ್ನೇ ಹಾಕ್ತೀರಿ ತಾನೆ, ನಂಗೊತ್ತು.

ದಿನೇಶ ಮಾವ: ಇಲ್ಲ. ಎಷ್ಟು ಜನ ಹೇಳಿದರು, ಯಾವ ಹುದ್ದೆಯವರು ಹೇಳಿದರು ಅನ್ನುವುದು ಮುಖ್ಯ ಅಲ್ಲ. ಆ ಹೊತ್ತಿಗೆ ಬರೆದಿಟ್ಟ ದಾಖಲೆ ನೋಡ್ಬೇಕು. ವಿದ್ಯಾ, ಪಂಪು ಹಾಕಿದ ಹೊತ್ತು ಬರೆಯುವ ಪುಸ್ತಕ ವಾಚ್‌ಮನ್ ಹತ್ತಿರ ಉಂಟಲ್ಲ? ಮತ್ತೆ ಖಜಾಂಚಿಯ ಲೆಕ್ಕದಲ್ಲಿ ‘ಫ್ಲೋಟ್ ವಾಲ್ವ್ 1,800’ ಅಂತ ಒಂದು ಸಾಲುಂಟು. ಆ ಬಿಲ್ಲಿನ ತಾರೀಕು ಕೇಳು.

ವಿದ್ಯಾ: ಕೇಳಿದೆ. ಬಿಲ್ಲು 3ನೇ ತಾರೀಕಿನದ್ದೇ. ಪುಸ್ತಕದಲ್ಲಿ ಬೆಳಿಗ್ಗೆ 7ಕ್ಕೆ ಪಂಪು ಬಂದ್, ಮಧ್ಯಾಹ್ನ 2ಕ್ಕೆ ಶುರು. ಕೆಳಗೆ ‘ಬಿ ಟ್ಯಾಂಕಿ ತುಂಬುವುದಿಲ್ಲ, ಪ್ಲಂಬರಿಗೆ ಹೇಳಿದೆ, 6.30ಕ್ಕೆ ಸರಿ’ ಅಂತ ಬರೆದಿದ್ದಾರೆ.

ದಿನೇಶ ಮಾವ: ನೋಡು. ಇಬ್ಬರೂ ಹೇಳಿದ್ದು ನಿಜವೇ. ಪಂಪು 2ಕ್ಕೆ ಶುರುವಾಯಿತು, ಎ ಬ್ಲಾಕಿಗೆ ನೀರು ಬಂತು. ಬಿ ಟ್ಯಾಂಕಿಯ ವಾಲ್ವ್ ಮುಚ್ಚಿದಲ್ಲೇ ಸಿಕ್ಕಿಕೊಂಡಿತ್ತು, ಆದ್ದರಿಂದ ಮೇಲೆ ನೀರು ಬೀಳಲಿಲ್ಲ. ಈ ಕಾರಣ ನಾಲ್ಕರಲ್ಲಿ ಒಂದು ಬರಹದಲ್ಲೂ ಇಲ್ಲ. ನಾಲ್ಕನ್ನೂ ಅಕ್ಕಪಕ್ಕ ಇಟ್ಟು ಪುಸ್ತಕ, ಬಿಲ್ಲು ನೋಡಿದ್ದರಿಂದ ಸಿಕ್ಕಿತು.

ಗುರು: ಸರಿ, ಈಗ ಯಾರ ಬರಹದ ಮೇಲೆ ಕಟ್ಟುವುದು?

ದಿನೇಶ ಮಾವ: ಯಾರದ್ದೂ ಬೇಡ, ಪಟ್ಟಿಯಿಂದ ಹೊಸದಾಗಿ ಬರೆ. ಒಬ್ಬರ ವಾಕ್ಯಕ್ಕೆ ಇನ್ನೊಬ್ಬರ ವಾಕ್ಯ ಅಂಟಿಸಿದರೆ ಧಾಟಿ ಮಧ್ಯದಲ್ಲೇ ತಪ್ಪಿಹೋಗ್ತದೆ. ಕಾರ್ಯದರ್ಶಿಯದ್ದು ‘ಶುಚಿಗೊಳಿಸಲಾಗಿದ್ದು ನಿವಾಸಿಗಳು ಸಹಕರಿಸಬೇಕಾಗಿ ವಿನಂತಿ’. ತೊಳೆದು ಮುಗಿದ ಮೇಲೆ ಎಂತ ಸಹಕಾರ? ಅದು ಹಳೆ ನೋಟೀಸಿನಿಂದ ಹಾಗೇ ಎತ್ತಿದ್ದು. ಬಿ ಬ್ಲಾಕಿನವರದ್ದು ‘ನಾವು ಒದ್ದಾಡಿದೆವು’. ಎರಡು ವಾಕ್ಯದ ನಡುವೆ ಆ ‘ನಾವು’ ಯಾರು ಅಂತಲೇ ಗೊತ್ತಾಗುವುದಿಲ್ಲ. ಸುದ್ದಿ ಪುಟದಲ್ಲಿ ನಾನು, ನಾವು ಬೇಡ. ನಡೆದದ್ದನ್ನು ಭೂತಕಾಲದಲ್ಲಿ, ಸಣ್ಣ ವಾಕ್ಯದಲ್ಲಿ ಹೇಳು. ಒಬ್ಬರಿಗೆ ‘ಮಾನ್ಯ ಶ್ರೀಯುತ’, ಇನ್ನೊಬ್ಬರಿಗೆ ‘ಅಂಕಲ್’ ಆಗಬಾರದು. ಹೆಸರು, ಮುಂದೆ ‘ಅವರು’, ಅಷ್ಟೆ. ವಾಚ್‌ಮನ್‌ಗೂ ಪ್ಲಂಬರಿಗೂ ಅದೇ.

ವಿದ್ಯಾ: ಹೀಗೆ ಬರೆದಿದ್ದೇನೆ:

‘ಆಗಸ್ಟ್ 3, ಭಾನುವಾರ ಸಮಿತಿಯು ಎರಡೂ ಬ್ಲಾಕಿನ ಮೇಲಿನ ಟ್ಯಾಂಕಿ ಮತ್ತು ನೆಲದ ಸಂಪನ್ನು ತೊಳೆಸಿತು. ಬೆಳಿಗ್ಗೆ 7ಕ್ಕೆ ನಿಲ್ಲಿಸಿದ ಪಂಪನ್ನು ಮಧ್ಯಾಹ್ನ 2ಕ್ಕೆ ಮತ್ತೆ ಹಾಕಲಾಯಿತು. ಬಿ ಬ್ಲಾಕ್ ಟ್ಯಾಂಕಿಯ ಫ್ಲೋಟ್ ವಾಲ್ವ್ ತೆರೆಯದ ಕಾರಣ ಅಲ್ಲಿ ಸಂಜೆ 6.30ರವರೆಗೆ ನೀರಿರಲಿಲ್ಲ. ಅದೇ ದಿನ ಹೊಸ ವಾಲ್ವ್ ಹಾಕಲಾಯಿತು. ಒಟ್ಟು ಖರ್ಚು 11,300 ರೂ. (ಲೆಕ್ಕ: ಪುಟ 4).’

ದಿನೇಶ ಮಾವ: ಇದು ಸರಿ ಉಂಟು. ಲೆಕ್ಕದ ಪುಟದಲ್ಲಿ 9,500 ಮತ್ತು 1,800 ಎರಡು ಸಾಲು ಮಾತ್ರ ಇರಲಿ, ವಿವರಣೆ ಬೇಡ. ಆಟಿ ವರದಿಯಲ್ಲಿ ‘3ರಂದು ನೀರಿಲ್ಲದ ಕಾರಣ ಕೂಟ 10ರಂದು ನಡೆಯಿತು’ ಅನ್ನುವಷ್ಟು ಸಾಕು. ಅಲ್ಲಿ ಜನ ಓದುವುದು ಪತ್ರೊಡೆ, ಪಾಲೆ ಕಷಾಯದ ವಿಷಯ, ಟ್ಯಾಂಕಿಯದ್ದಲ್ಲ. ಕಾರ್ಯದರ್ಶಿ ವರದಿಯಿಂದ ಟ್ಯಾಂಕಿ ಪೂರ್ತಿ ತೆಗೆ.

ಪ್ರಮೀಳ ಚಿಕ್ಕಮ್ಮ: ಓದ್ಲಿಕ್ಕೆ ಚೆನ್ನಾಗುಂಟು ವಿದ್ಯಾ, ಇಲ್ಲ ಹೇಳುವುದಿಲ್ಲ. ಆದರೆ ಬಿ ಬ್ಲಾಕಿನ ಹೆಂಗಸು ಬರೆದದ್ದು ಬರೀ ಸುದ್ದಿ ಅಲ್ಲ. ಮುನ್ನಾದಿನ ರಾತ್ರಿ 9ಕ್ಕೆ ನೋಟೀಸು ಬಂತು, ಹಾಸಿಗೆ ಹಿಡಿದ ವಯಸ್ಸಾದವರು ಮನೆಯಲ್ಲಿದ್ದಾರೆ, ಎರಡು ದಿನ ಮೊದಲು ಹೇಳಬೇಕಿತ್ತು ಅಂತ ಬರೆದಿದ್ದರು. ಅದೆಲ್ಲಿ ಹೋಯಿತು? ಧಾಟಿ ಒಂದೇ ಇರಬೇಕು ಅಂತ ತಕರಾರನ್ನೇ ನುಣ್ಣಗೆ ಮಾಡಿದರೆ ಅದು ಸಮಿತಿಯ ಪತ್ರಿಕೆ ಆಗ್ತದೆ, ನಿವಾಸಿಗಳದ್ದಲ್ಲ.

ದಿನೇಶ ಮಾವ: ಅದು ಅಭಿಪ್ರಾಯ, ಅಭಿಪ್ರಾಯವನ್ನು ಸುದ್ದಿಯ ಒಳಗೆ ಕರಗಿಸಬಾರದು. ಪತ್ರಗಳ ವಿಭಾಗದಲ್ಲಿ ಅವರ ಹೆಸರು ಹಾಕಿ, ಅವರ ಮಾತಿನಲ್ಲೇ ಹಾಕುವ. ‘ಒದ್ದಾಡಿದೆವು’ ಅಲ್ಲಿ ಇರಲಿ. ಕಾಗುಣಿತ ಬಿಟ್ಟು ಬೇರೆ ಮುಟ್ಟುವುದು ಬೇಡ. ಯಾರನ್ನಾದರೂ ಹೆಸರು ಹಿಡಿದು ಬೈದಿದ್ದರೆ ಆ ಸಾಲಿನ ಬಗ್ಗೆ ಅವರನ್ನೇ ಕೇಳಿ ತೀರ್ಮಾನ ಮಾಡು.

ಪ್ರಮೀಳ ಚಿಕ್ಕಮ್ಮ: ಪತ್ರ ಪುಟ 7ಕ್ಕೆ ಹೋದರೆ ಯಾರೂ ನೋಡುವುದಿಲ್ಲ.

ವಿದ್ಯಾ: ಸುದ್ದಿಯ ಕೆಳಗೇ ಒಂದು ಚೌಕಟ್ಟಿನಲ್ಲಿ ಹಾಕ್ತೇನೆ ಚಿಕ್ಕಮ್ಮ. ಕಾರ್ಯದರ್ಶಿ ವರದಿಯಿಂದ ಟ್ಯಾಂಕಿ ತೆಗೆದರೆ ಜಾಗ ಸಿಗ್ತದೆ. ನೋಟೀಸಿನ ಬಗ್ಗೆ ಸಮಿತಿಯ ಉತ್ತರ ಎರಡು ಸಾಲು ಕೇಳಿ ಅದರ ಅಡಿಗೆ ಹಾಕುವ.

ಪ್ರಮೀಳ ಚಿಕ್ಕಮ್ಮ: ಹಾಗಾದರೆ ಆಗ್ಬಹುದು. ಸುದ್ದಿಯ ಅಡಿಯಲ್ಲಿ ನಾಲ್ವರ ಹೆಸರೂ ಬರಲಿ, ‘ಮಾಹಿತಿ’ ಅಂತ.

ದಿನೇಶ ಮಾವ: ಹೆಸರು ಹಾಕುವುದಾದರೆ ಪ್ರಿಂಟಿಗೆ ಮೊದಲು ನಾಲ್ವರೂ ಓದಿರಬೇಕು. ತಾವು ಹೇಳದ ಮಾತಿನ ಕೆಳಗೆ ಹೆಸರು ಕಂಡರೆ ಬೇಜಾರಾಗ್ತದೆ. ಆದರೆ ‘ಹೇಗುಂಟು?’ ಅಂತ ಕೇಳಬೇಡ, ನಾಲ್ವರೂ ನಾಲ್ಕು ಥರ ತಿದ್ದಿ ಕಳಿಸ್ತಾರೆ, ಕೂಡಿಸಿದ್ದು ಪುನಃ ಬಿಚ್ಚಿಹೋಗ್ತದೆ. ‘ತಾರೀಕು, ಹೊತ್ತು, ಮೊತ್ತ, ಹೆಸರು ಇದರಲ್ಲಿ ತಪ್ಪುಂಟಾ?’ ಅಂತ ಮಾತ್ರ ಕೇಳು.

ಪ್ರಮೀಳ ಚಿಕ್ಕಮ್ಮ: ಏನಾದರೂ ಬಿಟ್ಟುಹೋಗಿದ್ದರೆ ಅದನ್ನೂ ಹೇಳಲಿ ಅಣ್ಣ. ತಪ್ಪು ಮಾತ್ರ ಕೇಳಿದರೆ ಬಿಟ್ಟದ್ದು ಗೊತ್ತಾಗುವುದು ಹೇಗೆ?

ದಿನೇಶ ಮಾವ: ಆಯಿತು, ‘ತಪ್ಪುಂಟಾ, ಬಿಟ್ಟುಹೋದದ್ದುಂಟಾ’ ಅಂತ ಎರಡೂ ಕೇಳು.

ವಿದ್ಯಾ: ನಾಲ್ವರಿಗೂ ಬೇರೆಬೇರೆಯಾಗಿ ಕಳಿಸಿದೆ, ಸಮಿತಿಯ ಗುಂಪಿಗೆ ಹಾಕಲಿಲ್ಲ. ಬುಧವಾರ ಸಂಜೆಯೊಳಗೆ ಉತ್ತರ ಕೇಳಿದ್ದೇನೆ. ಗುರು, ಆಟಿ ವರದಿ ನುಡಿಯಲ್ಲುಂಟು, ತಿರುಗಿಸಿ ಕೊಡ್ತೀಯಾ?

ಗುರು: ಫೈಲು ಕಳಿಸು ಅಕ್ಕ. ಅಂಕಿಗಳನ್ನೆಲ್ಲ 1, 2, 3 ಮಾಡಿಯೇ ಕೊಡ್ತೇನೆ.