ಸಿಪ್ಪೆಯ ಪಾಲು

"ಐವತ್ತು ಮಂದಿ, ತಲೆಗೆ 120 ಗ್ರಾಂ ಹಣ್ಣು, ಅಲ್ಲಿಗೆ ಆರು ಕಿಲೋ. ಇಷ್ಟಕ್ಕೆ ಸಭೆ ಸೇರಬೇಕೆ?" ಎಂದು ಶೀನಣ್ಣ ಪೆನ್ನು ಮುಚ್ಚಿದರು.

"ಆ ಆರು ಕಿಲೋ ತಟ್ಟೆಯಲ್ಲಿರುವುದೋ, ಚೀಲದಲ್ಲಿರುವುದೋ?" ಸರೋಜಕ್ಕ ಕೇಳಿದರು.

"ಎರಡೂ ಒಂದೇ ಅಲ್ಲವೆ?"

"ನಿಮ್ಮ ನೆಂಟರು ಅನಾನಸಿನ ಜುಟ್ಟನ್ನೂ ತಿನ್ನುವವರಾದರೆ ಒಂದೇ."

ಶೀನಣ್ಣ ಸೋಲುವವರಲ್ಲ. "ಸರಿ, ಅರ್ಧ ಸಿಪ್ಪೆಗೆ ಹೋಯಿತೆನ್ನಿ. ಆರಕ್ಕೆ ಅದರರ್ಧ ಮೂರು ಸೇರಿಸಿ ಒಂಬತ್ತು ಕಿಲೋ ತರುತ್ತೇನೆ."

ನನಗೆ ಎದೆ ಧಸಕ್ಕೆಂದಿತು. ಹೋದ ಸಲ ನಾನು ಮಾಡಿದ್ದೂ ಇದೇ ಲೆಕ್ಕ. ಒಂಬತ್ತರಲ್ಲಿ ಅರ್ಧ ಹೋದರೆ ಉಳಿಯುವುದು ನಾಲ್ಕೂವರೆ. ಕೊನೆಯ ಹನ್ನೆರಡು ಮಂದಿಗೆ ನಾನು ಬಡಿಸಿದ್ದು ಬರಿಯ ಮುಗುಳುನಗೆ.

"ಕೂಡುವುದಲ್ಲ, ಭಾಗಿಸುವುದು," ಎಂದರು ಸರೋಜಕ್ಕ. "ಅರ್ಧ ಮಾತ್ರ ಉಳಿಯುವ ಹಣ್ಣನ್ನು ಬೇಕಾದದ್ದರ ಎರಡರಷ್ಟು ತರಬೇಕು. ಅನಾನಸು ಹಾಗೆಯೇ. ಜುಟ್ಟು, ಸಿಪ್ಪೆ, ನಡುವಿನ ದಿಂಡು ತೆಗೆದರೆ ಅರ್ಧ. ಕಣ್ಣುಗಳಿಗೆ ಹೆದರಿ ಸಿಪ್ಪೆಯನ್ನು ದಪ್ಪವಾಗಿ ಹೆರೆದರೆ ಅರ್ಧವೂ ಇಲ್ಲ. ತೆಳ್ಳಗೆ ಹೆರೆದು, ಕಣ್ಣುಗಳ ಓರೆಸಾಲು ಹಿಡಿದು ಗೆರೆ ಕೊರೆಯಬೇಕು."

"ಕಲ್ಲಂಗಡಿಗೆ ಬೀಜದ ಬಾಧೆ?"

"ಬೀಜ ಪಾಪ, ಹೆಸರಿಗಷ್ಟೇ ಕಳ್ಳ. ನಿಜವಾದ ಕಳ್ಳ ಹಸಿರು ಸಿಪ್ಪೆಯ ಒಳಗಿನ ಬಿಳಿ ಪದರ."

ಮಾತು ನಂಬದ ಶೀನಣ್ಣ ತಕ್ಕಡಿ ತಂದರು. ನಾಲ್ಕು ಕಿಲೋದ ಕಲ್ಲಂಗಡಿ ಕತ್ತರಿಸಿ, ಬಿಳಿಯದನ್ನು ತೆಗೆದು, ತುಂಡುಗಳನ್ನು ತೂಗಿದರೆ ಎರಡು ಕಿಲೋ ಇನ್ನೂರು ಗ್ರಾಂ. ಶೀನಣ್ಣ ತಕ್ಕಡಿಯನ್ನೇ ಒಮ್ಮೆ ತಟ್ಟಿ ನೋಡಿದರು. ಹಲಗೆಯ ಮೇಲೆ ಕೆಂಪು ನೀರು ಹರಿಯುತ್ತಿತ್ತು, ಅದೂ ತೂಕವೇ. ಚಿಕ್ಕ ಹಣ್ಣಾದರೆ ನಷ್ಟ ಇನ್ನೂ ಹೆಚ್ಚು. ಹಣ್ಣು ಕುಗ್ಗಿದಷ್ಟು ಸಿಪ್ಪೆ ತೆಳ್ಳಗಾಗುವುದಿಲ್ಲವಲ್ಲ. ಕಲ್ಲಂಗಡಿಯನ್ನೂ ಎರಡರಷ್ಟೇ ತರುವುದೆಂದು ತೀರ್ಮಾನವಾಯಿತು.

ಪಪ್ಪಾಯಿ ಮಾತ್ರ ಸಜ್ಜನ. ಬೀಜದ ರಾಶಿ ನೋಡಿ ಗಾಬರಿಯಾಗುತ್ತದೆ ನಿಜ, ಆದರೆ ಸಿಪ್ಪೆ ತೆಳು. ನೂರರಲ್ಲಿ ಅರವತ್ತಕ್ಕಿಂತ ತುಸು ಹೆಚ್ಚೇ ಕೈಗೆ ಸಿಗುತ್ತದೆ. ತೀರಾ ಮಾಗಿದ್ದರೆ ತುಂಡಾಗುವ ಬದಲು ಮುದ್ದೆಯಾಗುತ್ತದೆ, ಆಗ ತೂಕವಿದ್ದೂ ತಟ್ಟೆಗಿಲ್ಲ.

ಕೊನೆಗೆ ಚೀಟಿ ಬರೆದದ್ದು ಹೀಗೆ: ತಟ್ಟೆಗೆ ಮೂರು ಕಿಲೋ ಕಲ್ಲಂಗಡಿ ಬೇಕು, ಆರು ತರುವುದು. ಎರಡು ಕಿಲೋ ಪಪ್ಪಾಯಿಗೆ ಮೂರೂಕಾಲು. ಒಂದು ಕಿಲೋ ಅನಾನಸಿಗೆ ಎರಡು, ಜುಟ್ಟು ಸಮೇತ ತೂಗಿ. ಒಟ್ಟು ಹನ್ನೊಂದೂಕಾಲು. ಇದು ಊಟದ ಮೇಲಿನ ಹಣ್ಣಿಗೆ. ಬರಿಯ ಹಣ್ಣೇ ಫಲಾಹಾರವಾದರೆ ತಲೆಗೆ 200 ಗ್ರಾಂ ಆದರೂ ಬೇಕು.

ಶೀನಣ್ಣ ಚೀಟಿಯನ್ನು ಎರಡು ಸಲ ಓದಿದರು. "ಅಂದರೆ ಐದು ಕಿಲೋಗೂ ಮೀರಿ ಸಿಪ್ಪೆಯನ್ನು ನಾನು ದುಡ್ಡು ಕೊಟ್ಟು, ಹೊತ್ತು ತಂದು, ಮತ್ತೆ ಹೊತ್ತು ಎಸೆಯಬೇಕೇ?"

"ಹೌದು," ಎಂದರು ಸರೋಜಕ್ಕ, "ಕಸದ ಬುಟ್ಟಿ ದೊಡ್ಡದನ್ನೇ ಇಡಿ."